ಆ್ಯಂಟಿಬಾಡಿಯ ನಾಲ್ಕು ಸರಪಳಿಗಳನ್ನು ಹಿಡಿದಿಟ್ಟಿರುವುದು ಗಂಧಕದ ಕೊಂಡಿಯೇ?

ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಝುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧದ ತಯಾರಿಕೆಯಲ್ಲಿ ಮೊದಲು ನೋಡುವವರಿಗೆ ವಿಚಿತ್ರವೆನಿಸುವ ಒಂದು ಹಂತವಿದೆ. ಆ್ಯಂಟಿಬಾಡಿಯ ನಾಲ್ಕು ಸರಪಳಿಗಳನ್ನು ಒಂದಕ್ಕೊಂದು ಜೋಡಿಸಿರುವ ನಾಲ್ಕು ಡೈಸಲ್ಫೈಡ್ ಬಂಧಗಳನ್ನೂ, ಅಂದರೆ ಎರಡು ಗಂಧಕದ ಪರಮಾಣುಗಳ ನಡುವಿನ ಕೊಂಡಿಗಳನ್ನೂ, ಬೇಕೆಂದೇ ಮುರಿಯುತ್ತಾರೆ. ಹಾಗೆ ಬಿಡುಗಡೆಯಾದ ಎಂಟು ಗಂಧಕದ ತುದಿಗಳಿಗೆ ಎಂಟು ವಿಷದ ಅಣುಗಳನ್ನು ಅಂಟಿಸುತ್ತಾರೆ. ಆ ತುದಿಗಳು ಮತ್ತೆ ಕೂಡಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಆದರೂ ಆ್ಯಂಟಿಬಾಡಿ ನಾಲ್ಕು ತುಂಡಾಗುವುದಿಲ್ಲ. ರೋಗಿಯ ರಕ್ತದಲ್ಲಿ ದಿನಗಟ್ಟಲೆ ಸುತ್ತಿ, ಗೆಡ್ಡೆಯ ಕೋಶವನ್ನು ಹುಡುಕಿ ಹಿಡಿದು, ತನ್ನ ಕೆಲಸ ಮಾಡುತ್ತದೆ.

ಇನ್ನೊಂದು ಕಡೆ, ಬರಿಯ ಟ್ರಾಸ್ಟುಝುಮಾಬ್‌ನಂಥ ಆ್ಯಂಟಿಬಾಡಿ ತಯಾರಿಸುವ ಕಾರ್ಖಾನೆಯಲ್ಲಿ ಇದೇ ನಾಲ್ಕು ಬಂಧಗಳು ತಾವಾಗಿ ಮುರಿದರೆ ಸಾವಿರಾರು ಲೀಟರ್‌ನ ಬ್ಯಾಚ್ ಚರಂಡಿಗೆ ಹೋಗಬಹುದು. ಅದೇ ಬಂಧಗಳು ಮುರಿದಾಗ ಒಂದು ಕಡೆ ಔಷಧ, ಇನ್ನೊಂದು ಕಡೆ ನಷ್ಟ. ಇದು ಅರ್ಥವಾಗಬೇಕಾದರೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಉಪಘಟಕಗಳನ್ನು, ಅಂದರೆ ಈ ಸರಪಳಿಗಳನ್ನು, ಒಟ್ಟಿಗೆ ತರುವುದು ಯಾವುದು? ತಂದ ಮೇಲೆ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಯಾವುದು? ಪಠ್ಯಪುಸ್ತಕದ ಚಿತ್ರದಲ್ಲಿ ಇಂಗ್ಲಿಷಿನ Y ಅಕ್ಷರದ ನಡುವೆ ಎರಡು ಗೆರೆ ಎಳೆದು ಎರಡಕ್ಕೂ ಅದನ್ನೇ ಉತ್ತರವಾಗಿ ಕೊಟ್ಟಿರುತ್ತಾರೆ. ಅದು ಅರ್ಧ ಸತ್ಯ.

ಔಷಧಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಐಜಿಜಿ1 ಮಾದರಿಯ ಆ್ಯಂಟಿಬಾಡಿಯ ಲೆಕ್ಕ ನೋಡೋಣ. ಸುಮಾರು 50 ಕಿಲೋಡಾಲ್ಟನ್ ತೂಕದ ಎರಡು ಹೆವಿ ಚೈನ್, ಸುಮಾರು 25 ಕಿಲೋಡಾಲ್ಟನ್ ತೂಕದ ಎರಡು ಲೈಟ್ ಚೈನ್, ಒಟ್ಟು 150. ಇಡೀ ಅಣುವಿನಲ್ಲಿ 16 ಡೈಸಲ್ಫೈಡ್ ಬಂಧಗಳಿವೆ. ಇವುಗಳಲ್ಲಿ 12 ಒಂದೊಂದು ಸರಪಳಿಯ ಒಳಗೇ ಇರುವವು. ಹೆವಿ ಚೈನಿನಲ್ಲಿ ನಾಲ್ಕು, ಲೈಟ್ ಚೈನಿನಲ್ಲಿ ಎರಡು ಮಡಿಕೆಗಳಿದ್ದು, ಮಡಿಕೆಗೆ ಒಂದರಂತೆ ಬಂಧ ಒಳಗೆ ಹುದುಗಿರುತ್ತದೆ. ನೀರು ಅಲ್ಲಿಗೆ ತಲುಪುವುದು ಕಷ್ಟ, ಬಂಧ ಮುರಿಯುವ ರಾಸಾಯನಿಕಕ್ಕೂ ಕಷ್ಟ. ಸರಪಳಿಗಳ ನಡುವೆ ಇರುವುದು ಉಳಿದ ನಾಲ್ಕು ಮಾತ್ರ: ಪ್ರತಿ ಲೈಟ್ ಚೈನನ್ನು ಅದರ ಹೆವಿ ಚೈನಿಗೆ ಕಟ್ಟುವ ಒಂದೊಂದು, ಎರಡು ಹೆವಿ ಚೈನುಗಳನ್ನು ನಡುವಿನ ಹಿಂಜ್ ಭಾಗದಲ್ಲಿ ಕಟ್ಟುವ ಎರಡು. ಇವು ಹೊರಮೈಯಲ್ಲಿ, ನೀರಿಗೆ ಒಡ್ಡಿಕೊಂಡಂತೆ ಇರುತ್ತವೆ. ಹಾಗಾಗಿ ಮೆಲುವಾಗಿ ರಿಡ್ಯೂಸ್ ಮಾಡಿದರೆ, ಅಂದರೆ ಎಲೆಕ್ಟ್ರಾನ್ ಕೊಟ್ಟು ಬಂಧ ಬಿಡಿಸಿದರೆ, ಒಳಗಿನ 12 ಹಾಗೆಯೇ ಉಳಿದು ಹೊರಗಿನ ನಾಲ್ಕು ಮಾತ್ರ ಮುರಿಯುತ್ತವೆ. ಡೆರಕ್ಸ್‌ಟೆಕಾನ್ ತಯಾರಿಸುವವರು ಬಳಸಿಕೊಳ್ಳುವುದು ಇದನ್ನೇ.

ನಾಲ್ಕೂ ಮುರಿದ ಮೇಲೆ ಹಿಡಿದಿಡುವುದು ಮೈಗೆ ಮೈ ತಾಗುವ ಹೊಂದಾಣಿಕೆ. ಹೆವಿ ಚೈನುಗಳ ಕೊನೆಯ ಮಡಿಕೆ ಸಿಎಚ್3. ಎರಡು ಸಿಎಚ್3ಗಳ ನಡುವಿನ ಅಂಚು ಜಿಡ್ಡಿನ ಗುಣದ ಅಮೈನೋ ಆಮ್ಲಗಳಿಂದ ತುಂಬಿ, ಸುತ್ತ ವಿದ್ಯುದಾವೇಶದ ಜೋಡಿಗಳಿಂದ ಬಿಗಿಯಾಗಿರುತ್ತದೆ. ಮೇಲ್ಭಾಗದಲ್ಲಿ ಹೆವಿ ಚೈನಿನ ಸಿಎಚ್1 ಮಡಿಕೆ ಲೈಟ್ ಚೈನಿನ ಸಿಎಲ್ ಮಡಿಕೆಗೆ, ಅದರ ಮೇಲೆ ಎರಡರ ತುದಿಯ ಮಡಿಕೆಗಳು ಒಂದಕ್ಕೊಂದು, ಹೀಗೆ ಒತ್ತಿ ಕೂತಿರುತ್ತವೆ. ಕ್ವಾಟರ್ನರಿ ರಚನೆ ಎಂದರೆ ಇದು. ಚೌಕಟ್ಟಿಗೆ ಸರಿಯಾಗಿ ಕೂತ ಬಾಗಿಲು ಚಿಲಕ ಹಾಕದಿದ್ದರೂ ಮುಚ್ಚಿಯೇ ಇರುತ್ತದೆ, ಆದರೆ ಗಾಳಿ ಬೀಸಿದಾಗ ಚಿಲಕ ಬೇಕು. ಡೈಸಲ್ಫೈಡ್ ಆ ಚಿಲಕ.

ಚಿಲಕ ಬೇಕಾಗುವುದು ಕೋಶದಿಂದ ಹೊರಗೆ ಹೋಗುವ ಪ್ರೋಟೀನಿಗೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ ಕೂಡ ನಾಲ್ಕು ಉಪಘಟಕಗಳದ್ದೇ, ಆದರೆ ಅವುಗಳ ನಡುವೆ ಒಂದೂ ಡೈಸಲ್ಫೈಡ್ ಇಲ್ಲ. ಕಣದ ಒಳಗೆ ಅದರ ಸಾಂದ್ರತೆ ಲೀಟರಿಗೆ 330 ಗ್ರಾಂನಷ್ಟು. ಅಷ್ಟು ಒತ್ತಟ್ಟಿನಲ್ಲಿ ಬಿಟ್ಟುಹೋದ ತುಂಡು ಮತ್ತೆ ಜೋಡಿ ಹುಡುಕಲು ದೂರ ಹೋಗಬೇಕಾಗಿಲ್ಲ. ಅದೇ ಕಣ ಒಡೆದು ಹಿಮೋಗ್ಲೋಬಿನ್ ಪ್ಲಾಸ್ಮಾಗೆ ಬಿದ್ದರೆ, ತೆಳುವಾದ ದ್ರಾವಣದಲ್ಲಿ ಅದು ಎರಡೆರಡರ ಜೋಡಿಗಳಾಗಿ ಬಿಡಿಸಿಕೊಳ್ಳುತ್ತದೆ ಮತ್ತು ಮೂತ್ರಪಿಂಡದ ಸೋಸುವಿಕೆಗೆ ಸಿಕ್ಕಿಬೀಳುತ್ತದೆ. ಆ ಜೋಡಿಗಳನ್ನು ಹಿಡಿದು ಸಾಗಹಾಕಲೆಂದೇ ರಕ್ತದಲ್ಲಿ ಹ್ಯಾಪ್ಟೊಗ್ಲೋಬಿನ್ ಇದೆ. ಅದು ಸ್ರವಿಸಲ್ಪಡುವ ಪ್ರೋಟೀನ್, ಅದರ ಸರಪಳಿಗಳು ಡೈಸಲ್ಫೈಡ್‌ನಿಂದ ಕಟ್ಟಲ್ಪಟ್ಟಿವೆ. ಒಳಗಿರುವುದಕ್ಕೆ ಹೊಂದಾಣಿಕೆಯಷ್ಟೇ ಸಾಕು, ಹೊರಗೆ ಓಡಾಡುವುದಕ್ಕೆ ಸಾಲದು. ಅದೂ ಅಲ್ಲದೆ ಕೋಶದ ಒಳದ್ರವದಲ್ಲಿ ಇಂಥ ಬಂಧ ಬಿಡಿಸುವ ಗ್ಲುಟಥಯೋನ್ ತುಂಬಿರುವುದರಿಂದ ಅಲ್ಲಿ ಡೈಸಲ್ಫೈಡ್ ನಿಲ್ಲುವುದೇ ಅಪರೂಪ.

ಹಾಗಾದರೆ ಆ್ಯಂಟಿಬಾಡಿಗೆ ಈ ಬಂಧ ಎಲ್ಲಿ ಬೀಳುತ್ತದೆ? ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಇಆರ್‌ನಲ್ಲಿ. ಅಲ್ಲಿನ ವಾತಾವರಣ ಒಳದ್ರವಕ್ಕಿಂತ ಹೆಚ್ಚು ಆಕ್ಸಿಡೈಸಿಂಗ್. ಪಿಡಿಐ ಎಂಬ ಕಿಣ್ವ ತನ್ನದೇ ಡೈಸಲ್ಫೈಡನ್ನು ಹೊಸ ಸರಪಳಿಗೆ ದಾಟಿಸುತ್ತದೆ, ತಪ್ಪಾಗಿ ಬಿದ್ದ ಬಂಧವನ್ನು ಬಿಚ್ಚಿ ಮತ್ತೆ ಹಾಕುತ್ತದೆ. ಇಆರ್‌ಒ1 ಎಂಬ ಇನ್ನೊಂದು ಕಿಣ್ವ ಪಿಡಿಐಯಿಂದ ಎಲೆಕ್ಟ್ರಾನ್ ತೆಗೆದುಕೊಂಡು ಆಮ್ಲಜನಕಕ್ಕೆ ಕೊಡುತ್ತದೆ. ಪ್ರತಿ ಬಂಧಕ್ಕೂ ಒಂದು ಹೈಡ್ರೋಜನ್ ಪೆರಾಕ್ಸೈಡ್ ಅಣು ಉಳಿಯುತ್ತದೆ. ಒಂದು ಆ್ಯಂಟಿಬಾಡಿಗೆ 16 ಬಂಧ ಎಂದಾಗ, ಅದನ್ನೇ ಕಸುಬಾಗಿಸಿಕೊಂಡ ಪ್ಲಾಸ್ಮಾ ಕೋಶ ಎಷ್ಟು ಆಕ್ಸಿಡೇಶನ್ ಹೊರೆಯನ್ನು ಹೊರುತ್ತದೆ ಎಂದು ಊಹಿಸಬಹುದು.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಹೆವಿ ಚೈನಿನ ಉಳಿದ ಮಡಿಕೆಗಳು ತಾವೇ ಮಡಚಿಕೊಳ್ಳುತ್ತವೆ, ಸಿಎಚ್1 ಮಾತ್ರ ಮಡಚಿಕೊಳ್ಳುವುದಿಲ್ಲ. ಒಂಟಿಯಾಗಿದ್ದಾಗ ಅದಕ್ಕೆ ನಿರ್ದಿಷ್ಟ ಆಕಾರವೇ ಇಲ್ಲ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಕಾರವಿಲ್ಲದ ಈ ಭಾಗವನ್ನು ಬಿಐಪಿ ಎಂಬ ಚಾಪರೋನ್, ಅಂದರೆ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್, ಹಿಡಿದುಕೊಂಡು ಹೆವಿ ಚೈನನ್ನು ಇಆರ್‌ನಲ್ಲೇ ನಿಲ್ಲಿಸುತ್ತದೆ. ಲೈಟ್ ಚೈನ್ ಬಂದು ಅದರ ಸಿಎಲ್ ಒತ್ತಿ ಕೂತಾಗಷ್ಟೇ ಸಿಎಚ್1 ಮಡಚಿಕೊಳ್ಳುತ್ತದೆ, ಬಿಐಪಿ ಬಿಡುತ್ತದೆ, ಎರಡರ ನಡುವಿನ ಡೈಸಲ್ಫೈಡ್ ಬೀಳುತ್ತದೆ. ಅಂದರೆ ಉಪಘಟಕಗಳ ಜೋಡಣೆಯೇ ಇಲ್ಲಿ ರಫ್ತು ಪರವಾನಗಿ. ಈ ತಪಾಸಣೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿಜವಾದ ರೋಗವೇ ಇದೆ: ಹೆವಿ ಚೈನ್ ಡಿಸೀಸ್. ಜೀನಿನಲ್ಲಿ ಸಿಎಚ್1 ಭಾಗ ಕಳೆದುಹೋದಾಗ ಬಿಐಪಿಗೆ ಹಿಡಿಯಲು ಹಿಡಿಕೆಯಿಲ್ಲ, ಲೈಟ್ ಚೈನ್ ಇಲ್ಲದ ಹೆವಿ ಚೈನುಗಳು ನೇರವಾಗಿ ರಕ್ತಕ್ಕೆ ಬರುತ್ತವೆ. ಒಂಟೆಯ ದೇಹದಲ್ಲಿ ಲೈಟ್ ಚೈನ್ ಇಲ್ಲದ ಆ್ಯಂಟಿಬಾಡಿಗಳಿರುವುದೂ ಅವುಗಳಲ್ಲಿ ಸಿಎಚ್1 ಇಲ್ಲದ್ದರಿಂದ ಸಾಧ್ಯವಾಗಿದೆ.

ಹೊಂದಾಣಿಕೆ ಮೊದಲು, ಬೀಗ ಆಮೇಲೆ. ಹಾಗಾಗಿಯೇ ಬಂಧ ಮುರಿದ ಐಜಿಜಿ1ಗೆ ಸೌಮ್ಯವಾಗಿ ಆಕ್ಸಿಡೈಸ್ ಆಗುವ ಅವಕಾಶ ಕೊಟ್ಟರೆ ಬಹುಪಾಲು ಸರಿಯಾದ ಜೋಡಿಗಳೇ ಮತ್ತೆ ಬೀಳುತ್ತವೆ. ಗಂಧಕದ ತುದಿಗಳು ಇನ್ನೂ ಎದುರುಬದುರಾಗಿಯೇ ಕೂತಿರುತ್ತವಲ್ಲ.

ಹೊಂದಾಣಿಕೆ ಸಡಿಲವಾಗಿದ್ದು ಬೀಗವೂ ಸಡಿಲವಾದರೆ? ಅದಕ್ಕೆ ಉದಾಹರಣೆ ನಮ್ಮೆಲ್ಲರ ರಕ್ತದಲ್ಲಿರುವ ಐಜಿಜಿ4. ಐಜಿಜಿ1ರ ಹಿಂಜ್‌ನಲ್ಲಿ ಗಂಧಕದ ತುದಿಯುಳ್ಳ ಎರಡು ಅಮೈನೋ ಆಮ್ಲಗಳ, ಅಂದರೆ ಸಿಸ್ಟೀನ್‌ಗಳ, ನಡುವೆ ಎರಡು ಪ್ರೋಲೀನ್‌ಗಳಿವೆ. ಪ್ರೋಲೀನ್ ಬಿರುಸು, ಬಾಗುವುದಿಲ್ಲ. ಐಜಿಜಿ4ರಲ್ಲಿ 228ನೇ ಜಾಗದ ಪ್ರೋಲೀನ್ ಬದಲು ಸೆರೀನ್ ಇದೆ. ಆಗ ಹಿಂಜ್ ಬಾಗಿ, ಒಂದೇ ಸರಪಳಿಯ ಎರಡು ಸಿಸ್ಟೀನ್‌ಗಳು ತಮ್ಮತಮ್ಮಲ್ಲೇ ಬಂಧ ಹಾಕಿಕೊಂಡುಬಿಡುತ್ತವೆ, ಎದುರಿನ ಸರಪಳಿಯ ಕೈ ಬಿಡುತ್ತವೆ. ಇದೊಂದೇ ಆಗಿದ್ದರೆ ಸಿಎಚ್3 ಹಿಡಿದಿಟ್ಟುಕೊಳ್ಳುತ್ತಿತ್ತು. ಆದರೆ ಐಜಿಜಿ4ರ ಸಿಎಚ್3ಯಲ್ಲೂ ಒಂದು ವ್ಯತ್ಯಾಸವಿದೆ: 409ನೇ ಜಾಗದಲ್ಲಿ ಲೈಸೀನ್ ಬದಲು ಆರ್ಜಿನೀನ್. ಅಲ್ಲಿನ ಹಿಡಿತ ಅದರಿಂದ ಸಡಿಲ. ಎರಡೂ ಸೇರಿದಾಗ ಆ್ಯಂಟಿಬಾಡಿ ಎರಡು ಅರ್ಧಗಳಾಗಿ ಬೇರ್ಪಟ್ಟು, ಇನ್ನೊಂದು ಐಜಿಜಿ4ರ ಅರ್ಧದೊಂದಿಗೆ ಕೂಡಿಕೊಳ್ಳುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ನೋಡುವುದು ಸುಲಭ. ಎರಡು ಬೇರೆ ಗುರಿಯ ಐಜಿಜಿ4ಗಳನ್ನು ಬೆರೆಸಿ, 0.5 ಮಿಲಿಮೋಲಾರ್ ಗ್ಲುಟಥಯೋನ್ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಎರಡೂ ಗುರಿ ಹಿಡಿಯುವ ಮಿಶ್ರ ಅಣುಗಳು ಸಿಗುತ್ತವೆ. ಐಜಿಜಿ1ನ್ನು ಹಾಗೇ ಇಟ್ಟರೆ ಸಿಗುವುದಿಲ್ಲ.

ದೇಹಕ್ಕೆ ಇದರಿಂದ ಲಾಭವೂ ಉಂಟು. ಎರಡು ಕೈಗಳೂ ಬೇರೆ ಬೇರೆ ಗುರಿಯವಾದರೆ ಆ್ಯಂಟಿಬಾಡಿ ಒಂದೇ ಪ್ರತಿಜನಕದ ಎರಡು ಅಣುಗಳನ್ನು ಜೋಡಿಸಿ ಗಂಟು ಕಟ್ಟಲಾರದು, ಉರಿಯೂತ ತಣ್ಣಗಿರುತ್ತದೆ. ಪದೇ ಪದೇ ಜೇನುಹುಳ ಕಚ್ಚಿಸಿಕೊಳ್ಳುವ ಜೇನು ಸಾಕಣೆದಾರರಲ್ಲಿ ವಿಷದ ವಿರುದ್ಧ ಐಜಿಜಿ4 ಏರುವುದು ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಔಷಧ ಮಾಡುವವರಿಗೆ ಮಾತ್ರ ಇದು ತಲೆನೋವು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ನಟಾಲಿಝುಮಾಬ್ ಹಿಂಜ್ ಬದಲಾಯಿಸದ ಐಜಿಜಿ4. ಅದು ರೋಗಿಗಳ ಸ್ವಂತ ಐಜಿಜಿ4ರೊಂದಿಗೆ ಅರ್ಧಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ ಎಂದು 2009ರಲ್ಲಿ ರೋಗಿಗಳ ರಕ್ತದಲ್ಲೇ ಪತ್ತೆಯಾಯಿತು. 2014ರಲ್ಲಿ ಅಮೆರಿಕದಲ್ಲಿ ಮಂಜೂರಾದ ಪೆಂಬ್ರೊಲಿಝುಮಾಬ್, ನಿವೊಲುಮಾಬ್ ಎರಡೂ ಐಜಿಜಿ4ಗಳೇ, ಆದರೆ ಎರಡರಲ್ಲೂ 228ನೇ ಸೆರೀನನ್ನು ಪ್ರೋಲೀನ್ ಮಾಡಿದ್ದಾರೆ. ತಾಂತ್ರಿಕ ಕಾಗದಗಳಲ್ಲಿ S228P ಎಂದು ಬರೆದಿರುವುದು ಇದೇ. ಇಷ್ಟು ದೊಡ್ಡ ಅಣುವಿನಲ್ಲಿ ಸರಪಳಿಗೆ ಒಂದೊಂದು ಅಮೈನೋ ಆಮ್ಲ ಬದಲಾಯಿಸಿ ಅದಲುಬದಲನ್ನು ನಿಲ್ಲಿಸಿದ್ದು ಜೈವಿಕ ಔಷಧ ವಿನ್ಯಾಸದ ಅತ್ಯಂತ ಅಗ್ಗದ ರಿಪೇರಿಗಳಲ್ಲೊಂದು ಎನ್ನಬೇಕು.

ಇದನ್ನೇ ತಿರುಗಿಸಿ ಬಳಸಿದವರೂ ಇದ್ದಾರೆ. ಎರಡು ಐಜಿಜಿ1ಗಳ ಸಿಎಚ್3ಯಲ್ಲಿ ಒಂದೊಂದು ಬದಲಾವಣೆ ಮಾಡಿ, ತಮ್ಮ ಅರ್ಧಕ್ಕಿಂತ ಎದುರಿನದರ ಅರ್ಧವೇ ಹೆಚ್ಚು ಒಪ್ಪುವಂತೆ ಮಾಡುತ್ತಾರೆ. ಆಮೇಲೆ ಸೌಮ್ಯವಾದ ರಿಡ್ಯೂಸಿಂಗ್ ದ್ರಾವಣದಲ್ಲಿ ಹಿಂಜ್ ಬಿಚ್ಚಿ, ಬೆರೆಸಿ, ಆ ದ್ರಾವಣವನ್ನು ತೆಗೆದುಹಾಕಿದರೆ ಹಿಂಜ್ ಮತ್ತೆ ಬೀಗ ಹಾಕಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ 2021ರಲ್ಲಿ ಅಮೆರಿಕದಲ್ಲಿ ಮಂಜೂರಾದ ಅಮಿವಾಂಟಮಾಬ್ ಹೀಗೆ ತಯಾರಾದ ಎರಡು ಗುರಿಯ ಆ್ಯಂಟಿಬಾಡಿ.

ಇನ್ನು ಕಾರ್ಖಾನೆಯ ತೊಂದರೆಗೆ ಬರೋಣ. ಬೆಂಗಳೂರಿನ ಬಯೋಕಾನ್‌ನ ಟ್ರಾಸ್ಟುಝುಮಾಬ್ ಬಯೋಸಿಮಿಲರ್ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಇಂಥ ಆ್ಯಂಟಿಬಾಡಿ ತಯಾರಿಕೆ ಕನ್ನಡ ನಾಡಿನವರಿಗೂ ದೂರದ ವಿದ್ಯೆಯಾಗಿ ಉಳಿದಿಲ್ಲ. ಎಲ್ಲಿ ಮಾಡಿದರೂ ಹಾದಿ ಹೆಚ್ಚುಕಡಿಮೆ ಒಂದೇ. ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳನ್ನು ಸುಮಾರು ಎರಡು ವಾರ ಬೆಳೆಸುತ್ತಾರೆ. ಅವು ಆ್ಯಂಟಿಬಾಡಿಯನ್ನು ದ್ರವಕ್ಕೆ ಸ್ರವಿಸುತ್ತವೆ. ಕೊನೆಯಲ್ಲಿ ಸೆಂಟ್ರಿಫ್ಯೂಜ್ ಮತ್ತು ಡೆಪ್ತ್ ಫಿಲ್ಟರ್‌ನಿಂದ ಕೋಶಗಳನ್ನು ಬೇರ್ಪಡಿಸಿ, ತಿಳಿದ್ರವವನ್ನು ಟ್ಯಾಂಕಿನಲ್ಲಿ ಹಿಡಿದಿಟ್ಟು, ಮುಂದೆ ಆ್ಯಂಟಿಬಾಡಿಯನ್ನು ಹಿಡಿದುಕೊಳ್ಳುವ ಪ್ರೋಟೀನ್ ಎ ಕಾಲಮ್ಮಿಗೆ ಹರಿಸುತ್ತಾರೆ.

ಅನಾಹುತ ಆಗುವುದು ಸೆಂಟ್ರಿಫ್ಯೂಜ್‌ಗೂ ಕಾಲಮ್ಮಿಗೂ ನಡುವೆ. ಸೆಂಟ್ರಿಫ್ಯೂಜ್‌ನ ಸೆಳೆತಕ್ಕೆ ಒಂದಷ್ಟು ಕೋಶಗಳು ಒಡೆಯುತ್ತವೆ, ಒಳದ್ರವ ಹೊರಗೆ ಬರುತ್ತದೆ. ಅದರಲ್ಲಿ ಡೈಸಲ್ಫೈಡ್ ಮುರಿಯುವ ಪ್ರೋಟೀನಾದ ಥಯೋರೆಡಾಕ್ಸಿನ್, ಅದನ್ನು ಮತ್ತೆ ಮತ್ತೆ ಚಾರ್ಜ್ ಮಾಡುವ ಥಯೋರೆಡಾಕ್ಸಿನ್ ರಿಡಕ್ಟೇಸ್, ಅದಕ್ಕೆ ಎಲೆಕ್ಟ್ರಾನ್ ಒದಗಿಸುವ ಎನ್‌ಎಡಿಪಿಎಚ್, ಎನ್‌ಎಡಿಪಿಎಚ್ ತಯಾರಿಸುವ ಗ್ಲೂಕೋಸ್ ದಾರಿಯ ಕಿಣ್ವಗಳು, ಇವೆಲ್ಲ ಇರುತ್ತವೆ. ದ್ರವದಲ್ಲಿ ಆಮ್ಲಜನಕ ಇರುವ ತನಕ ಈ ಎಲೆಕ್ಟ್ರಾನ್‌ಗಳು ಅತ್ತ ಹೋಗುತ್ತವೆ. ಮುಚ್ಚಿದ ಟ್ಯಾಂಕಿನಲ್ಲಿ ಆಮ್ಲಜನಕ ತೀರಿದ ಕೂಡಲೇ ಅವು ಆ್ಯಂಟಿಬಾಡಿಯ ಹೊರಮೈಯ ನಾಲ್ಕು ಬಂಧಗಳ ಮೇಲೆ ಬೀಳುತ್ತವೆ. ಈ ಸರಣಿಯನ್ನು ಜೆನೆನ್‌ಟೆಕ್‌ನ ವಿಜ್ಞಾನಿಗಳು 2010ರಲ್ಲಿ ವಿವರವಾಗಿ ಪ್ರಕಟಿಸಿದರು.

ಇದನ್ನು ಹಿಡಿಯುವುದರಲ್ಲೇ ಮೊದಲ ತಪ್ಪು ಆಗುವುದು. ಗಾತ್ರ ನೋಡಲು ಸಾಮಾನ್ಯವಾಗಿ ಬಳಸುವ ಸೈಜ್ ಎಕ್ಸ್‌ಕ್ಲೂಷನ್ ಕಾಲಮ್ ಪ್ರೋಟೀನನ್ನು ಅದರ ಸಹಜ ರೂಪದಲ್ಲೇ ನೋಡುತ್ತದೆ. ನಾಲ್ಕೂ ಬಂಧ ಮುರಿದ ಐಜಿಜಿ1 ಅಲ್ಲಿ 150 ಕಿಲೋಡಾಲ್ಟನ್ ಜಾಗದಲ್ಲೇ ಬರುತ್ತದೆ, ಏಕೆಂದರೆ ಹೊಂದಾಣಿಕೆ ಅದನ್ನು ಹಿಡಿದಿಟ್ಟಿದೆ. ಕಾಗದದ ಮೇಲೆ ಎಲ್ಲ ಸರಿ. ಹೊಂದಾಣಿಕೆಯನ್ನು ಎಸ್‌ಡಿಎಸ್ ಎಂಬ ಮಾರ್ಜಕದಿಂದ ಬಿಡಿಸಿ, ಡಿಟಿಟಿಯಂಥ ರಿಡ್ಯೂಸಿಂಗ್ ವಸ್ತು ಹಾಕದೆ ಜೆಲ್‌ನಲ್ಲಿ ಓಡಿಸಿದಾಗ ಮಾತ್ರ ಮುರಿದ ಬಂಧ ಕಾಣಿಸುತ್ತದೆ.

ಆ ಪರೀಕ್ಷೆಯಲ್ಲೂ ಮಾದರಿ ತೆಗೆದ ಕ್ಷಣ ಮುಖ್ಯ. 1 ಮಿಲಿಲೀಟರ್ ದ್ರವಕ್ಕೆ ಆಗಷ್ಟೇ ಕರಗಿಸಿದ 100 ಮಿಲಿಮೋಲಾರ್ ಎನ್-ಎಥೈಲ್‌ಮಲೀಮೈಡ್ 100 ಮೈಕ್ರೋಲೀಟರ್ ಹಾಕಿದರೆ ಕೊನೆಯ ಸಾಂದ್ರತೆ ಸುಮಾರು 9 ಮಿಲಿಮೋಲಾರ್ ಆಗುತ್ತದೆ. ಬಿಡುವಾಗಿರುವ ಗಂಧಕದ ತುದಿಗಳಿಗೆ ಅದು ಮುಚ್ಚಳ ಹಾಕುತ್ತದೆ, ಅಲ್ಲಿಗೆ ಸ್ಥಿತಿ ಸ್ತಬ್ಧ. ನೀರಿನಲ್ಲಿ ಈ ವಸ್ತು ಹಾಳಾಗುವುದರಿಂದ ನಿನ್ನೆಯ ದ್ರಾವಣ ಬೇಡ. ಮುಚ್ಚಳ ಹಾಕದೆ ಮಾದರಿಯನ್ನು 95 ಡಿಗ್ರಿಗೆ ಕಾಯಿಸಿದರೆ ಬಿಡುವಾದ ಒಂದು ತುದಿ ಪಕ್ಕದ ಬಂಧವನ್ನು ಬಿಡಿಸಿ, ಅದು ಇನ್ನೊಂದನ್ನು ಬಿಡಿಸಿ, ಟ್ಯಾಂಕಿನಲ್ಲಿ ಇಲ್ಲದ ತುಂಡುಗಳು ಜೆಲ್‌ನಲ್ಲಿ ಹುಟ್ಟುತ್ತವೆ. 70 ಡಿಗ್ರಿಯಲ್ಲಿ ಐದು-ಹತ್ತು ನಿಮಿಷ ಸಾಕು.

ಜೆಲ್‌ನ ಪಟ್ಟಿಗಳನ್ನು ಕಿಲೋಡಾಲ್ಟನ್ ಲೆಕ್ಕದಲ್ಲಿ ಓದುವುದು ಹೀಗೆ. ಇಡೀ ಅಣು 150. ಒಂದು ಲೈಟ್ ಚೈನ್ ಕಳಚಿದ್ದರೆ 125, ಎರಡೂ ಕಳಚಿ ಹೆವಿ ಜೋಡಿ ಮಾತ್ರ ಉಳಿದಿದ್ದರೆ 100. ಹಿಂಜ್ ಮಾತ್ರ ಮುರಿದ ಅರ್ಧ 75. ಒಂಟಿ ಹೆವಿ 50, ಒಂಟಿ ಲೈಟ್ 25. ಉದಾಹರಣೆಗೆ ಟ್ಯಾಂಕಿನಿಂದ ಮೊದಲು ತೆಗೆದ ಮಾದರಿಯಲ್ಲಿ 150 ಒಂದೇ ಇದ್ದು, ಕೆಲವು ಗಂಟೆಯ ನಂತರ 125, 100 ಮತ್ತು 25 ಕಾಣಿಸಿತು ಎನ್ನೋಣ. 75 ಇಲ್ಲ. ಅಂದರೆ ಲೈಟ್ ಚೈನ್‌ಗಳ ಬಂಧ ಹೋಗಿದೆ, ಹಿಂಜ್ ಇನ್ನೂ ಗಟ್ಟಿ. ಐಜಿಜಿ1ರಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಲೈಟ್ ಚೈನಿನ ಬಂಧವೇ. ಅದರ ನಂತರದ ಮಾದರಿಯಲ್ಲಿ 50 ಬಂದರೆ ಹಿಂಜ್ ಕೂಡ ಹೋಯಿತು. ಪಕ್ಕದಲ್ಲಿ ಅದೇ ಮಾದರಿಯನ್ನು ಡಿಟಿಟಿ ಹಾಕಿ ಓಡಿಸಬೇಕು. ಅಲ್ಲಿ 50 ಮತ್ತು 25 ಮಾತ್ರ ಕಂಡರೆ ತೊಂದರೆ ಡೈಸಲ್ಫೈಡ್‌ನದ್ದು. ಬೇರೆ ಗಾತ್ರದ ಪಟ್ಟಿಗಳು ಕಂಡರೆ ಯಾವುದೋ ಪ್ರೋಟಿಯೇಸ್ ಸರಪಳಿಯನ್ನೇ ಕತ್ತರಿಸಿದೆ, ಆಗ ಮುಂದೆ ಹೇಳುವ ಯಾವ ಉಪಾಯವೂ ಕೆಲಸಕ್ಕೆ ಬರುವುದಿಲ್ಲ.

ಉಪಾಯಗಳಲ್ಲಿ ನನ್ನ ಮೊದಲ ಆಯ್ಕೆ ಗಾಳಿ. ತಿಳಿದ್ರವದ ಟ್ಯಾಂಕಿಗೆ ಗಾಳಿ ಊದಿ ಕರಗಿದ ಆಮ್ಲಜನಕ ಸೊನ್ನೆಗೆ ಇಳಿಯದಂತೆ ನೋಡಿಕೊಂಡರೆ ಎಲೆಕ್ಟ್ರಾನ್‌ಗಳಿಗೆ ಬೇರೆ ದಾರಿ ಸಿಗುತ್ತದೆ. ಹೊಸದಾಗಿ ಏನನ್ನೂ ಸೇರಿಸಬೇಕಿಲ್ಲ, ಆಮೇಲೆ ತೆಗೆಯಬೇಕಾದ್ದೂ ಇಲ್ಲ. ನೊರೆಯನ್ನು ಮಾತ್ರ ನಿಭಾಯಿಸಬೇಕು. 2ರಿಂದ 8 ಡಿಗ್ರಿಗೆ ತಂಪಾಗಿಸುವುದೂ ಕಿಣ್ವಗಳನ್ನು ನಿಧಾನಿಸುತ್ತದೆ, ಆದರೆ ದೊಡ್ಡ ಟ್ಯಾಂಕ್ ತಂಪಾಗಲು ಹೊತ್ತು ಬೇಕು, ಅಷ್ಟರಲ್ಲೇ ಆಗಬೇಕಾದ್ದು ಆಗಿರಬಹುದು. ತಾಮ್ರದ ಸಲ್ಫೇಟ್ ಥಯೋರೆಡಾಕ್ಸಿನ್ ವ್ಯವಸ್ಥೆಯನ್ನು ತಡೆಯುತ್ತದೆ. ಇಡಿಟಿಎ ಮೆಗ್ನೀಷಿಯಮ್ಮನ್ನು ಕಟ್ಟಿಹಾಕಿ ಗ್ಲೂಕೋಸ್ ದಾರಿಯ ಮೊದಲ ಕಿಣ್ವವಾದ ಹೆಕ್ಸೋಕೈನೇಸನ್ನು ನಿಲ್ಲಿಸುತ್ತದೆ, ಅದರಿಂದ ಎನ್‌ಎಡಿಪಿಎಚ್ ಪೂರೈಕೆ ನಿಲ್ಲುತ್ತದೆ. ಎರಡನ್ನೂ ಮುಂದಿನ ಶುದ್ಧೀಕರಣದಲ್ಲಿ ತೆಗೆದಿದ್ದೇವೆಂದು ತೋರಿಸಬೇಕು.

ಪಿಎಚ್ ಇಳಿಸುವುದರ ಹಿಂದಿನ ಲೆಕ್ಕ ಸರಳ. ಇನ್ನೊಂದು ಬಂಧದ ಮೇಲೆ ದಾಳಿ ಮಾಡುವುದು ಹೈಡ್ರೋಜನ್ ಕಳೆದುಕೊಂಡ ಗಂಧಕ ಮಾತ್ರ. ಸಾಮಾನ್ಯ ಸಿಸ್ಟೀನಿನ ಪಿಕೆಎ, ಅಂದರೆ ಅರ್ಧದಷ್ಟು ತುದಿಗಳು ಹೈಡ್ರೋಜನ್ ಕಳೆದುಕೊಂಡಿರುವ ಪಿಎಚ್, ಸುಮಾರು 8.3. ಪಿಎಚ್ 7.3ರಲ್ಲಿ ನೂರಕ್ಕೆ ಸುಮಾರು 9 ಸಿಸ್ಟೀನ್‌ಗಳು ಆ ಸ್ಥಿತಿಯಲ್ಲಿರುತ್ತವೆ, 5.3ರಲ್ಲಿ ಸಾವಿರಕ್ಕೆ ಒಂದು. ಥಯೋರೆಡಾಕ್ಸಿನ್‌ನ ಸ್ವಂತ ಸಿಸ್ಟೀನಿನ ಪಿಕೆಎ ಇದಕ್ಕಿಂತ ಕಡಿಮೆಯಾದ್ದರಿಂದ ಈ ಲೆಕ್ಕ ಅದಕ್ಕೆ ಪೂರ್ತಿ ಅನ್ವಯಿಸುವುದಿಲ್ಲ. ಜೊತೆಗೆ ಪಿಎಚ್ ಇಳಿಸುವಾಗ ಕೋಶದ ಪ್ರೋಟೀನುಗಳು ಗರಣೆಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುವ ಅಪಾಯವೂ ಇದೆ.

ಬ್ಯಾಚ್ ಶುರುಮಾಡುವ ಮೊದಲೇ ಅಪಾಯವನ್ನು ಅಳೆಯಬಹುದು. ಕೊಯ್ಲಿನ ದಿನದ ಸ್ವಲ್ಪ ಕಲ್ಚರನ್ನು ಹೋಮೊಜಿನೈಸರ್‌ನಲ್ಲಿ ಪೂರ್ತಿ ಒಡೆದು, ಅದನ್ನು ಒಡೆಯದ ಕಲ್ಚರಿನ ತಿಳಿದ್ರವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ನೈಟ್ರೋಜನ್ ಹಾಯಿಸಿ ಕೋಣೆಯ ಉಷ್ಣತೆಯಲ್ಲಿ ಇಡಬೇಕು. ಆಗಾಗ ಮಾದರಿ ತೆಗೆದು ಮುಚ್ಚಳ ಹಾಕಿ ಓಡಿಸಿದರೆ ಎಷ್ಟು ಕೋಶ ಒಡೆದರೆ ಎಷ್ಟು ಹೊತ್ತಿನಲ್ಲಿ ಬಂಧ ಮುರಿಯುತ್ತದೆಂಬುದು ಗೊತ್ತಾಗುತ್ತದೆ. ಟ್ಯಾಂಕಿನಲ್ಲಿ ಎಷ್ಟು ಹೊತ್ತು ಇಡಬಹುದು ಎಂಬ ಮಿತಿಯನ್ನು ಅದರಿಂದಲೇ ಗೊತ್ತುಮಾಡುತ್ತಾರೆ.

ಮುರಿದ ಬಂಧ ಮತ್ತೆ ಸರಿಯಾಗಿ ಬೀಳುತ್ತದೆ ಎಂದ ಮೇಲೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಡೆರಕ್ಸ್‌ಟೆಕಾನ್‌ನಲ್ಲಿ ಎಂಟೂ ತುದಿಗಳಿಗೆ ಮುಚ್ಚಳ ಬಿದ್ದಿದೆ, ಅವು ಇನ್ನು ಯಾರ ಜೊತೆಗೂ ಸೇರುವಂತಿಲ್ಲ, ಪ್ರತಿ ಬ್ಯಾಚ್ ಒಂದೇ ರೀತಿ ಇರುತ್ತದೆ. ಟ್ಯಾಂಕಿನಲ್ಲಿ ಮುರಿದದ್ದರ ತುದಿಗಳು ಬಿಚ್ಚಿಕೊಂಡಿವೆ. ಪ್ರೋಟೀನ್ ಎ ಕಾಲಮ್ಮಿನಿಂದ ಆ್ಯಂಟಿಬಾಡಿಯನ್ನು ಆಮ್ಲೀಯ ದ್ರಾವಣದಲ್ಲಿ ಇಳಿಸುವಾಗ ಹೊಂದಾಣಿಕೆಯೂ ಸಡಿಲವಾಗುತ್ತದೆ. ಅಲ್ಲಿಂದ ಮತ್ತೆ ತಟಸ್ಥ ಪಿಎಚ್‌ಗೆ ತಂದಾಗ ಪಕ್ಕದ ಅಣುವಿನ ತುದಿಯೊಂದಿಗೆ ಬಂಧ ಬಿದ್ದು ಗಂಟುಗಳು ಹುಟ್ಟಬಹುದು. ಒಂದು ಬ್ಯಾಚಿನಲ್ಲಿ ಶೇ 5, ಇನ್ನೊಂದರಲ್ಲಿ ಶೇ 40 ಮುರಿದಿದ್ದರೆ ಎರಡನ್ನೂ ಒಂದೇ ಔಷಧ ಎನ್ನಲು ನಿಯಂತ್ರಕರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅದೇ ಆ್ಯಂಟಿಬಾಡಿ ಐಜಿಜಿ4 ಆಗಿದ್ದರೆ, ಸಿಎಚ್3ಯ ಸಡಿಲ ಹಿಡಿತದಿಂದ ಅರ್ಧಗಳು ನಿಜವಾಗಿಯೂ ಬೇರಾಗುವ ಸಾಧ್ಯತೆ ಇನ್ನೂ ಹೆಚ್ಚು. S228P ಬದಲಾವಣೆ ಸರಪಳಿಯೊಳಗಿನ ತಪ್ಪು ಬಂಧವನ್ನು ತಪ್ಪಿಸುತ್ತದೆ, ಥಯೋರೆಡಾಕ್ಸಿನ್ ಹಿಂಜನ್ನು ಮುರಿಯುವುದನ್ನು ತಪ್ಪಿಸುವುದಿಲ್ಲ.